ಮೋಟಾರು ಸುಟ್ಟಿದೆ, ದೂರು ಬರೆಯಬೇಕು: ಗ್ರಾಹಕ ಆಯೋಗದ ಅರ್ಜಿ ತಿದ್ದುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗ ಕಡೆಯ ರೈತರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡಲು ಬರೆದ ದೂರುಗಳನ್ನು ತಿದ್ದಿಕೊಡುವಾಗ ಕೇಳಿಬಂದ ಪ್ರಶ್ನೆಗಳಿವು. ಹೆಚ್ಚಿನವು ಬೋರ್‌ವೆಲ್ ಮೋಟಾರಿನ ತಕರಾರುಗಳೇ ಆದ್ದರಿಂದ ಉದಾಹರಣೆಗೂ ಒಂದು ಮೋಟಾರನ್ನೇ ಇಟ್ಟುಕೊಂಡಿದ್ದೇನೆ. ಚನ್ನಗಿರಿ ತಾಲೂಕಿನ ಅಡಿಕೆ ಬೆಳೆಗಾರರೊಬ್ಬರು ದಾವಣಗೆರೆಯ ಅಂಗಡಿಯಲ್ಲಿ ಕೊಂಡ ಸಬ್‌ಮರ್ಸಿಬಲ್ ಅದು. ಯಾರ ಗುರುತೂ ಸಿಗದಂತೆ ದಿನಾಂಕ, ಮೊತ್ತಗಳನ್ನು ನಾನೇ ಜೋಡಿಸಿದ್ದೇನೆ.

## ಶುರುವಿನ ಪ್ರಶ್ನೆಗಳು

ತೋಟಕ್ಕೆ ತಂದ ಮೋಟಾರು ಸಾರ್. ಅಡಿಕೆ ಮಾರ್ತೀವಲ್ಲ, ವ್ಯಾಪಾರ ಅಂದುಬಿಟ್ರೆ ಏನ್ ಮಾಡೋದು?

ಅಂಗಡಿಯವರ ವಕೀಲರು ಈ ಮಾತನ್ನು ಎತ್ತಿಯೇ ಎತ್ತುತ್ತಾರೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸಲಿಕ್ಕಾಗಿಯೇ ಕೊಂಡು ಬಳಸಿದ ವಸ್ತು ವಾಣಿಜ್ಯ ಉದ್ದೇಶದ್ದಾಗುವುದಿಲ್ಲ ಎಂಬ ವಿವರಣೆಯೂ ಅದೇ ಕಾಯ್ದೆಯಲ್ಲಿದೆ. ಬಿತ್ತನೆ ಬೀಜ ಕೊಂಡ ರೈತ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ, ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿದೆ.

ಆದ್ದರಿಂದ ದೂರಿನ ಮೊದಲ ಪ್ಯಾರಾದಲ್ಲೇ ಒಂದು ವಾಕ್ಯ ಇರಲಿ: "ದೂರುದಾರನು ತನ್ನ ಎರಡು ಎಕರೆ ಅಡಿಕೆ ತೋಟವನ್ನು ಕುಟುಂಬದೊಡನೆ ತಾನೇ ಸಾಗುವಳಿ ಮಾಡುತ್ತಿದ್ದು, ಅದೇ ಜೀವನಾಧಾರ; ಮೋಟಾರನ್ನು ಆ ತೋಟದ ನೀರಾವರಿಗಾಗಿ ಮಾತ್ರ ಕೊಂಡಿದ್ದಾನೆ." ಜೊತೆಗೆ ಪಹಣಿಯ ಪ್ರತಿ ಹಚ್ಚಿ. ಎದುರಿನವರು ಆಕ್ಷೇಪ ಎತ್ತಿದ ಮೇಲೆ ಇದನ್ನು ಹೇಳಿದರೆ ಆಗ ನೆನಪಾದ ಸಮಜಾಯಿಷಿಯಂತೆ ಕಾಣುತ್ತದೆ.

ಅಂಗಡಿ ದಾವಣಗೆರೆಯದು, ನಮ್ಮೂರು ಹೊಳಲ್ಕೆರೆ ತಾಲೂಕು. ಎಲ್ಲಿ ಹಾಕಬೇಕು, ಎಷ್ಟು ಕಟ್ಟಬೇಕು?

ಹೊಸ ಕಾಯ್ದೆಯಲ್ಲಿ ದೂರುದಾರ ವಾಸವಿರುವ ಜಿಲ್ಲೆಯಲ್ಲೂ ದೂರು ಕೊಡಬಹುದು. ನೀವು ಚಿತ್ರದುರ್ಗದ ಜಿಲ್ಲಾ ಆಯೋಗಕ್ಕೂ ಹೋಗಬಹುದು, ಅಂಗಡಿಯಿರುವ ದಾವಣಗೆರೆಗೂ ಹೋಗಬಹುದು. ನನ್ನನ್ನು ಕೇಳಿದರೆ, ನಿಮಗೆ ಬಸ್ಸಿಗೆ ಹತ್ತಿರವಾದದ್ದು ಯಾವುದೋ ಅಲ್ಲಿಗೆ ಹಾಕಿ. ವಿಚಾರಣೆಗೆ ಮತ್ತೆ ಮತ್ತೆ ಹೋಗಬೇಕಾದವರು ನೀವೇ.

ಕೊಂಡ ವಸ್ತುವಿಗೆ ನೀವು ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ. ಆ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಕೊಟ್ಟ ಬೆಲೆ, ಕೇಳುವ ಪರಿಹಾರ ಅಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ, ನೀವೇ ನಿಂತು ವಾದಿಸಬಹುದು. ಮನೆಯಿಂದಲೇ ಹಾಕುವವರಿಗೆ e-jagriti.gov.in ಇದೆ.

ಮೊದಲು ನೋಟಿಸ್ ಕೊಡಲೇಬೇಕಾ? ನೇರ ಹಾಕಿದ್ರೆ ವಜಾ ಮಾಡ್ತಾರಾ?

ನೋಟಿಸ್ ಕೊಡದೆ ದೂರು ಹಾಕಬಾರದು ಎಂದು ಕಾಯ್ದೆಯಲ್ಲಿಲ್ಲ. ಆದರೂ ನಾನು ಕೊಡಿಸುತ್ತೇನೆ, ಏಕೆಂದರೆ ನಮ್ಮ ಮೋಟಾರು ಪ್ರಕರಣಗಳಲ್ಲಿ ಬಹುಪಾಲು ಮಾತುಕತೆ ಕೌಂಟರಿನ ಮುಂದೆ, ಬಾಯಲ್ಲೇ ಮುಗಿದಿರುತ್ತದೆ. ನೋಟಿಸಿನಿಂದ ಕಾಗದದ ಮೇಲೆ ಒಂದು ದಿನಾಂಕ ಹುಟ್ಟುತ್ತದೆ: ನೀವು ಇದನ್ನು ಕೇಳಿದಿರಿ, ಅವರಿಗೆ ಈ ದಿನ ತಲುಪಿತು, ಉತ್ತರ ಬರಲಿಲ್ಲ. ವಕೀಲರ ಲೆಟರ್‌ಹೆಡ್ ಬೇಕಿಲ್ಲ. ಒಂದು ಪುಟ ಬರೆದು, ಹದಿನೈದು ದಿನ ಗಡುವು ಕೊಟ್ಟು, ಸ್ಪೀಡ್ ಪೋಸ್ಟ್ ಮಾಡಿ. ರಸೀದಿ ಮತ್ತು ತಲುಪಿದ ವಿವರದ ಪ್ರಿಂಟ್ ಎರಡನ್ನೂ ಇಟ್ಟುಕೊಳ್ಳಿ. 1915 ಸಹಾಯವಾಣಿಗೆ ದೂರು ಕೊಟ್ಟಿದ್ದರೆ ಆ ದೂರಿನ ಸಂಖ್ಯೆಯೂ ಇದೇ ಕೆಲಸ ಮಾಡುತ್ತದೆ.

## ಬರೆಯುವಾಗ, ತಿದ್ದುವಾಗ

ನಡೆದಿದ್ದೆಲ್ಲ ಬರೆದೀನ್ರಿ, ಆರು ಪುಟ ಆಗೇತಿ. ಇನ್ನೇನು ತಿದ್ದೋದು?

ಆರು ಪುಟ ತಪ್ಪಲ್ಲ. ಆ ಆರು ಪುಟ ಯಾವ ಕ್ರಮದಲ್ಲಿದೆ ಎಂಬುದೇ ಪ್ರಶ್ನೆ. ಸಿಟ್ಟು ಬಂದಾಗ ಬರೆದ ದೂರು ಸಿಟ್ಟಿನ ಕ್ರಮದಲ್ಲೇ ಇರುತ್ತದೆ: ಮೊದಲು ಅವಮಾನ, ಆಮೇಲೆ ನಷ್ಟ, ಎಲ್ಲೋ ಕೊನೆಗೆ ಬಿಲ್ಲು. ನಮ್ಮ ಉದಾಹರಣೆಯ ರೈತರು ತಂದ ಮೊದಲ ಕರಡಿನ ತಿರುಳು ಹೀಗಿತ್ತು:

"ಎದುರುದಾರರು ಮೋಸಗಾರರಾಗಿದ್ದು, ನಾನು ಕಷ್ಟಪಟ್ಟು ದುಡಿದ ಹಣದಿಂದ ಮೋಟಾರು ಖರೀದಿಸಿದ್ದು, ಅದು ಕೆಲವೇ ದಿನಗಳಲ್ಲಿ ಸುಟ್ಟುಹೋಗಿದ್ದು, ಅನೇಕ ಬಾರಿ ಅಲೆದರೂ ಉಡಾಫೆಯಿಂದ ಉತ್ತರಿಸಿದ್ದು, ತೋಟ ಒಣಗಿ ಅಪಾರ ನಷ್ಟವಾಗಿದ್ದು, ಆದ್ದರಿಂದ ಹೊಸ ಮೋಟಾರನ್ನೂ, ಹಣವನ್ನೂ, ಐದು ಲಕ್ಷ ಪರಿಹಾರವನ್ನೂ ಕೊಡಿಸಬೇಕಾಗಿ ಪ್ರಾರ್ಥನೆ."

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಓದುವ ಅಧ್ಯಕ್ಷರಿಗೆ ಬೇಕಾದ ಮೂರು ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ: ವಾರಂಟಿಯ ಅವಧಿಯಲ್ಲಿ ಕೆಟ್ಟಿತೇ, ಯಾವ ದಿನ ಯಾರು ಇಲ್ಲವೆಂದರು, ಈಗ ನಿಮಗೆ ಏನು ಬೇಕು? ನಾವು ಮಾಡಿದ್ದು ಇಷ್ಟೇ. ಇದ್ದುಗಳನ್ನೆಲ್ಲ ಕತ್ತರಿಸಿ, ಒಂದು ದಿನಾಂಕಕ್ಕೆ ಒಂದು ಪ್ಯಾರಾ ಕೊಟ್ಟು, ಪ್ರತಿ ಪ್ಯಾರಾದ ಕೊನೆಗೆ ಅದನ್ನು ತೋರಿಸುವ ದಾಖಲೆಯ ಸಂಖ್ಯೆ ಹಾಕಿದೆವು.

3. 11-02-2025ರಂದು ದೂರುದಾರನು 1ನೇ ಎದುರುದಾರರ ಅಂಗಡಿಯಲ್ಲಿ, 2ನೇ ಎದುರುದಾರರು ತಯಾರಿಸಿದ 7.5 ಎಚ್‌ಪಿ ಸಬ್‌ಮರ್ಸಿಬಲ್ ಪಂಪ್‌ಸೆಟ್ ಅನ್ನು ರೂ. 46,500 ಕೊಟ್ಟು ಕೊಂಡನು. ವಾರಂಟಿ 12 ತಿಂಗಳು. (ದಾಖಲೆ 1: ಬಿಲ್ಲು, ದಾಖಲೆ 2: ವಾರಂಟಿ ಕಾರ್ಡು)

4. 13-02-2025ರಂದು ಮೋಟಾರನ್ನು ಬೋರ್‌ವೆಲ್‌ಗೆ ಇಳಿಸಲಾಯಿತು. ಇಳಿಸಿದ ಕೂಲಿ ರೂ. 3,500. (ದಾಖಲೆ 3)

5. 02-04-2025ರಂದು ಮೋಟಾರು ನಿಂತಿತು. ಮರುದಿನ 1ನೇ ಎದುರುದಾರರಿಗೆ ಫೋನ್ ಮಾಡಿದಾಗ ಎತ್ತಿಸಿ ತರಲು ಹೇಳಿದರು. (ದಾಖಲೆ 4: ಕರೆಯ ವಿವರ)

6. 05-04-2025ರಂದು ರೂ. 3,500 ಕೊಟ್ಟು ಎತ್ತಿಸಿ, ಬಿಚ್ಚದೆ ಅಂಗಡಿಗೆ ಒಪ್ಪಿಸಲಾಯಿತು. ಅವರು ಸ್ವೀಕೃತಿ ಚೀಟಿ ಕೊಟ್ಟರು. (ದಾಖಲೆ 5, 6)

7. 19-04-2025ರಂದು 1ನೇ ಎದುರುದಾರರು, ವೋಲ್ಟೇಜ್ ಏರಿಳಿತದಿಂದ ವೈಂಡಿಂಗ್ ಸುಟ್ಟಿದೆ, ವಾರಂಟಿ ಬರುವುದಿಲ್ಲ ಎಂದು ಬಾಯಲ್ಲಿ ತಿಳಿಸಿದರು. ಪರೀಕ್ಷೆಯ ವರದಿ ಕೊಡಲಿಲ್ಲ.

8. 22-04-2025ರಂದು ವರದಿಯನ್ನು ಬರಹದಲ್ಲಿ ಕೊಡಲು ವಾಟ್ಸಾಪ್‌ನಲ್ಲಿ ಕೋರಲಾಯಿತು. ಉತ್ತರ ಬರಲಿಲ್ಲ. (ದಾಖಲೆ 7)

9. ಬೇರೆ ದಾರಿಯಿಲ್ಲದೆ 02-05-2025ರಂದು ದೂರುದಾರನು ಬೇರೆ ಮೋಟಾರು ಕೊಂಡನು. (ದಾಖಲೆ 8)

10. 14-05-2025ರಂದು ಇಬ್ಬರಿಗೂ ನೋಟಿಸ್ ಕಳಿಸಲಾಯಿತು. ತಲುಪಿದರೂ ಉತ್ತರವಿಲ್ಲ. (ದಾಖಲೆ 9, 10)

"ಮೋಸಗಾರ", "ಉಡಾಫೆ" ಎರಡೂ ಹೋದವು. ಏಳನೇ ಮತ್ತು ಎಂಟನೇ ಪ್ಯಾರಾ ಒಟ್ಟಿಗೆ ಓದಿದವರಿಗೆ ಉಡಾಫೆ ತಾನಾಗಿ ಕಾಣುತ್ತದೆ. ಆರನೇ ಪ್ಯಾರಾದ "ಬಿಚ್ಚದೆ" ಎಂಬ ಒಂದು ಪದ ಮೊದಲ ಕರಡಿನಲ್ಲಿ ಇರಲೇ ಇಲ್ಲ. ವಿಚಾರಿಸಿದಾಗ ಸಿಕ್ಕಿತು. ಇಡೀ ಪ್ರಕರಣದಲ್ಲಿ ಅದಕ್ಕಿಂತ ಬೆಲೆಯುಳ್ಳ ಸಂಗತಿ ಇನ್ನೊಂದಿಲ್ಲ, ಏಕೆಂದರೆ ಹೊರಗಿನ ಮೆಕ್ಯಾನಿಕ್ ಬಿಚ್ಚಿದ ಮೋಟಾರಿಗೆ ವಾರಂಟಿ ಇಲ್ಲ ಎನ್ನುವುದೇ ಅಂಗಡಿಯವರ ಮುಂದಿನ ಮಾತಾಗಿರುತ್ತದೆ.

ಎಲ್ಲಾ ತಾರೀಖು ನೆನಪಿಲ್ಲ. ಅಂದಾಜಿನ ಮೇಲೆ ಹಾಕಬಹುದಾ?

ನೆನಪಿನಿಂದ ನಿಖರ ತಾರೀಖು ಹಾಕಬೇಡಿ. ದೂರಿನ ಜೊತೆ ನೀವು ಪ್ರಮಾಣಪತ್ರಕ್ಕೆ ಸಹಿ ಮಾಡುತ್ತೀರಿ. ಒಂದು ತಾರೀಖು ತಪ್ಪೆಂದು ಅವರು ತೋರಿಸಿದರೆ ಉಳಿದವನ್ನೂ ಅನುಮಾನದಿಂದ ನೋಡುವಂತಾಗುತ್ತದೆ.

ಮೊದಲು ಹುಡುಕಿ. ತಾರೀಖುಗಳು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಕಡೆ ಉಳಿದಿರುತ್ತವೆ. ಮೋಟಾರು ಎತ್ತಿದವರಿಗೆ, ಟ್ಯಾಂಕರಿನವರಿಗೆ ಫೋನ್‌ಪೇ ಮಾಡಿದ್ದರೆ ಬ್ಯಾಂಕಿನ ಸ್ಟೇಟ್‌ಮೆಂಟ್‌ನಲ್ಲಿ ದಿನ, ಮೊತ್ತ, ಹೆಸರು ಮೂರೂ ಇವೆ. ಸುಟ್ಟ ಸ್ಟಾರ್ಟರಿನ ಫೋಟೋ ತೆಗೆದಿದ್ದರೆ ಅದರ ವಿವರದಲ್ಲಿ ತಾರೀಖು ಇದೆ. ಕರೆಗಳ ಪಟ್ಟಿಯನ್ನು ಮಾತ್ರ ಬೇಗ ಸ್ಕ್ರೀನ್‌ಶಾಟ್ ಮಾಡಿಕೊಳ್ಳಿ, ಫೋನಿನಲ್ಲಿ ಹಳೆಯವು ಅಳಿಸಿಹೋಗುತ್ತವೆ.

ಎಷ್ಟು ಹುಡುಕಿದರೂ ಸಿಗದಿದ್ದರೆ "ಏಪ್ರಿಲ್ ಎರಡನೇ ವಾರದಲ್ಲಿ" ಎಂದು ಬರೆಯಿರಿ, ಅಥವಾ ಗೊತ್ತಿರುವ ದಿನಕ್ಕೆ ಕಟ್ಟಿ: "05-04-2025ರಂದು ಮೋಟಾರು ಒಪ್ಪಿಸಿದ ನಂತರ, 19-04-2025ಕ್ಕೆ ಮೊದಲು, ಎರಡು ಸಲ ಅಂಗಡಿಗೆ ಹೋಗಿ ವಿಚಾರಿಸಲಾಯಿತು." ಇದು ಪ್ರಾಮಾಣಿಕ, ಕ್ರಮವೂ ಕೆಡುವುದಿಲ್ಲ.

ನಮ್ಮ ಸ್ಟಾರ್ಟರ್ ಹಳೇದು. ಅದನ್ನ ಬರೀಬೇಕಾ, ಬಿಡಬಹುದಾ?

ಬರೆಯಿರಿ. ನೀವು ಬಿಟ್ಟರೂ ಅವರು ತಮ್ಮ ಉತ್ತರದಲ್ಲಿ ತರುತ್ತಾರೆ, ಆಗ ಅದು ನೀವು ಮುಚ್ಚಿಟ್ಟ ಸಂಗತಿಯಾಗಿ ಬರುತ್ತದೆ. ನೀವೇ ಹೇಳಿದರೆ ಅದರ ಸುತ್ತಲಿನ ಸಂಗತಿಗಳನ್ನೂ ಜೊತೆಗೆ ಹೇಳಬಹುದು. ನಮ್ಮ ಉದಾಹರಣೆಯಲ್ಲಿ ನಾಲ್ಕನೇ ಪ್ಯಾರಾಕ್ಕೆ ಹೀಗೆ ಸೇರಿಸಿದೆವು: "ಮೊದಲಿದ್ದ ಸ್ಟಾರ್ಟರನ್ನೇ ಬಳಸಲಾಯಿತು. ಅದರಲ್ಲಿ ಓವರ್‌ಲೋಡ್ ರಿಲೇ ಮತ್ತು ಫೇಸ್ ಹೋದರೆ ನಿಲ್ಲಿಸುವ ಸಾಧನ ಇದ್ದು ಕೆಲಸ ಮಾಡುತ್ತಿದ್ದವು. ಮಾರುವಾಗ 1ನೇ ಎದುರುದಾರರು ಹೊಸ ಸ್ಟಾರ್ಟರ್ ಬೇಕೆಂದು ಹೇಳಲಿಲ್ಲ." ಅದು ನಿಜವಿದ್ದರೆ ಮಾತ್ರ ಬರೆಯಬೇಕು ಎಂದು ಬೇರೆ ಹೇಳಬೇಕಿಲ್ಲ. ಫೇಸ್ ಕಾಯುವ ಸಾಧನವೇ ಇರಲಿಲ್ಲ ಎಂದಾದರೆ ನಿಮ್ಮ ಪ್ರಕರಣ ಅಷ್ಟರ ಮಟ್ಟಿಗೆ ಸಡಿಲ. ಅದನ್ನು ದೂರು ಹಾಕುವ ಮೊದಲೇ ತಿಳಿದಿರುವುದು ಒಳ್ಳೆಯದು.

ಬಾಯಲ್ಲೇ ಇಲ್ಲ ಅಂದ್ರು, ಬರೆದು ಕೊಡಲಿಲ್ಲ. ಏನು ಸಾಕ್ಷಿ?

ಅವರು ಬರೆಯದಿದ್ದರೆ ನೀವು ಬರೆಯಿರಿ. ಆ ದಿನವೇ ಅಥವಾ ಮರುದಿನ ಅಂಗಡಿಯ ನಂಬರಿಗೆ ಒಂದು ವಾಟ್ಸಾಪ್: "ನಿನ್ನೆ ನೀವು ವೋಲ್ಟೇಜ್ ಕಾರಣ ಹೇಳಿ ವಾರಂಟಿ ಇಲ್ಲ ಅಂದಿರಿ. ಪರೀಕ್ಷೆಯ ವರದಿ ಕೊಡಿ." ಅವರು ಸುಮ್ಮನಿದ್ದರೂ, ಆ ಮಾತು ನಡೆದದ್ದನ್ನು ಆಗಲೇ ಹೇಳಿದ್ದಿರಿ, ಅವರು ಅಲ್ಲಗಳೆಯಲಿಲ್ಲ ಎಂಬುದು ಉಳಿಯುತ್ತದೆ. ಪ್ರಿಂಟ್ ಹಾಕುವಾಗ ನಂಬರು, ತಾರೀಖು ಕಾಣುವಂತೆ ಇಡೀ ಪರದೆ ಬರಲಿ, ಮಧ್ಯದ ಮಾತು ಕತ್ತರಿಸಬೇಡಿ. ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಹಚ್ಚಿದರೆ ಮುದ್ರಿತ ಪ್ರತಿಯ ಮೇಲೆ ತಕರಾರು ಕಡಿಮೆ. ಫೋನು ಬದಲಿಸುವ ಮುನ್ನ ಮೂಲ ಸಂದೇಶಗಳನ್ನು ಉಳಿಸಿಕೊಳ್ಳಿ.

## ಪರಿಹಾರ ಕೇಳುವುದು

ಐದು ಲಕ್ಷ ಕೇಳಿದ್ರೆ ಒಂದಾದ್ರೂ ಕೊಡ್ತಾರೆ ಅಂತಾರಲ್ಲ, ಹಂಗೇ ಹಾಕೋಣ್ವಾ?

ಬೇಡ. ಬೇಳೆ ಕಾಳಿನ ಸಂತೆಯಲ್ಲಿ ಚೌಕಾಶಿಗೆ ದರ ಏರಿಸಿ ಹೇಳುವಂತೆ ಇಲ್ಲಿ ನಡೆಯುವುದಿಲ್ಲ. 46,500ರ ಮೋಟಾರಿಗೆ ಲೆಕ್ಕವಿಲ್ಲದ ಐದು ಲಕ್ಷ ಕಂಡರೆ, ಲೆಕ್ಕವಿರುವ ಮೊತ್ತದ ಮೇಲಿನ ನಂಬಿಕೆಯೂ ಕುಗ್ಗುತ್ತದೆ.

ಮೊದಲು ತೀರ್ಮಾನಿಸಬೇಕಾದದ್ದು ಯಾವ ಪರಿಹಾರ ಎಂಬುದನ್ನು. ಆಯೋಗ ದೋಷ ಸರಿಪಡಿಸಲು, ವಸ್ತು ಬದಲಿಸಲು ಅಥವಾ ಹಣ ಮರಳಿಸಲು ಆದೇಶಿಸಬಹುದು. ಆದ ನಷ್ಟಕ್ಕೆ ಪರಿಹಾರ, ದೂರಿನ ಖರ್ಚು ಬೇರೆ. ಮೊದಲ ಕರಡಿನಲ್ಲಿ ಹೊಸ ಮೋಟಾರನ್ನೂ ಹಣವನ್ನೂ ಒಟ್ಟಿಗೆ ಕೇಳಿದ್ದರು. ಒಂದು ಮೋಟಾರಿಗೆ ಎರಡೂ ಸಿಗುವುದಿಲ್ಲ. ಯಾವುದು ಎಂಬುದಕ್ಕೆ ಉತ್ತರ ಕಾಲಾನುಕ್ರಮದಲ್ಲೇ ಇತ್ತು: ಒಂಬತ್ತನೇ ಪ್ಯಾರಾದ ಪ್ರಕಾರ ಅವರು ಬೇರೆ ಮೋಟಾರು ಕೊಂಡಾಗಿದೆ. ಇನ್ನೊಂದು ಮೋಟಾರು ಬಂದು ಬೋರಿನ ಪಕ್ಕ ಕೂತರೆ ಏನು ಉಪಯೋಗ? ಹಾಗಾಗಿ ಹಣ ವಾಪಸು. ಹಳೆಯದರ ಹಣ ಕೇಳಿದ ಮೇಲೆ ಹೊಸದರ ಬೆಲೆಯನ್ನು ಕೇಳಲಾಗದು. ಅದನ್ನು ಇಳಿಸಿದ ಕೂಲಿಯನ್ನೂ ನಾವು ಬಿಟ್ಟೆವು, ಏಕೆಂದರೆ ಕೆಲಸ ಮಾಡುವ ಮೋಟಾರನ್ನು ಒಂದು ಸಲ ಇಳಿಸುವ ಖರ್ಚು ಹೇಗೂ ಅವರದೇ. ದಂಡವಾದದ್ದು ಕೆಟ್ಟ ಮೋಟಾರನ್ನು ಇಳಿಸಿ ಎತ್ತಿದ್ದು.

ಕೊನೆಗೆ ಕೋರಿಕೆ ಹೀಗೆ ಬಂತು. ಮೋಟಾರಿನ ಬೆಲೆ 46,500. ಇಳಿಸಿ ಎತ್ತಿದ ಕೂಲಿ 7,000. ಏಪ್ರಿಲ್ 6ರಿಂದ ಮೇ 2ರವರೆಗೆ ತೋಟಕ್ಕೆ ಹೊಡೆಸಿದ 14 ಟ್ಯಾಂಕರ್ ನೀರು, ಒಂದಕ್ಕೆ 900ರಂತೆ 12,600. ಮೂರೂ ಕೂಡಿ 66,100 ರೂಪಾಯಿ, ಇದಕ್ಕೆ 19-04-2025ರಿಂದ ಪಾವತಿಯಾಗುವವರೆಗೆ ವಾರ್ಷಿಕ ಶೇ. 9 ಬಡ್ಡಿ. ಬಡ್ಡಿ ಎಂದಿನಿಂದ ಎಂದು ಬರೆಯದವರೇ ಹೆಚ್ಚು, ಅದು ಬಿಡಬಾರದ ಸಾಲು. ಮಾನಸಿಕ ಯಾತನೆಗೆ 20,000, ದೂರಿನ ಖರ್ಚಿಗೆ 10,000 ಎಂದು ಬೇರೆ ಬೇರೆ ಸಾಲಿನಲ್ಲಿ ಹಾಕಿದೆವು. ಕಡೆಗೆ, ಇಬ್ಬರು ಎದುರುದಾರರೂ ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಹೊಣೆ ಎಂದು, ಆದೇಶದ 45 ದಿನದೊಳಗೆ ಕೊಡಬೇಕೆಂದು.

ಟ್ಯಾಂಕರುಗಳನ್ನು ಒಂದೇ ಮೊತ್ತವಾಗಿ ಬಿಡದೆ, ಏಪ್ರಿಲ್ 19ಕ್ಕೆ ಮೊದಲಿನ ಆರು, ಆಮೇಲಿನ ಎಂಟು ಎಂದು ಬಿಡಿಸಿ ಪಟ್ಟಿ ಹಚ್ಚಿದೆವು. ಪರೀಕ್ಷೆಗೆ ಎರಡು ವಾರ ಹಿಡಿಯುವುದು ಸಹಜ ಎಂದು ಅವರು ವಾದಿಸಿದರೂ, ಇಲ್ಲವೆಂದ ಮೇಲಿನ ಎಂಟರ 7,200 ರೂಪಾಯಿ ಅಲುಗಾಡದೆ ನಿಲ್ಲುತ್ತದೆ.

ಅಡಿಕೆ ಗಿಡ ಒಣಗಿದ್ದಕ್ಕೆ ಕೇಳೋದು ಬ್ಯಾಡ್ವಾ? ಅದೇ ದೊಡ್ಡ ಲಾಸು.

ಕೇಳಬಹುದು, ಆದರೆ ಕಾಗದವಿಲ್ಲದೆ ಕೇಳಿದರೆ ಆ ಭಾಗ ಬೀಳುತ್ತದೆ. ಗಿಡ ಒಣಗುತ್ತಿರುವಾಗಲೇ ತೋಟಗಾರಿಕೆ ಇಲಾಖೆಗೆ ಅರ್ಜಿ ಕೊಟ್ಟು ಸ್ಥಳ ಪರಿಶೀಲನೆಯ ವರದಿ ಪಡೆಯಬೇಕು. ಅದರಲ್ಲಿ ಎಷ್ಟು ಗಿಡ, ಯಾವ ವಯಸ್ಸು, ನೀರಿಲ್ಲದ್ದೇ ಕಾರಣವೇ ಎಂಬುದು ಬರಬೇಕು. ಹಿಂದಿನ ವರ್ಷಗಳ ಅಡಿಕೆ ಮಾರಾಟದ ಪಟ್ಟಿಗಳನ್ನೂ ಜೊತೆಗಿಡಬೇಕು. ನಮ್ಮ ಉದಾಹರಣೆಯಲ್ಲಿ ಇವು ಇರಲಿಲ್ಲ. ಮಳೆ ಬಂದು ತೋಟ ಚೇತರಿಸಿಕೊಂಡಿತ್ತು. ಆ ಕೋರಿಕೆಯನ್ನು ತೆಗೆದದ್ದು ನೋವಿನ ಕೆಲಸವೇ, ಆದರೆ ಟ್ಯಾಂಕರಿನ ಲೆಕ್ಕ ಆ ನಷ್ಟದ ಸಾಬೀತಾಗುವ ಭಾಗವನ್ನು ಹಿಡಿದಿಟ್ಟಿತು.

## ಮುಂದಿನ ಹಂತದ ಪ್ರಶ್ನೆಗಳು

ಅಂಗಡಿಯೋರು ಕಂಪನಿ ಕಡೆ ಕೈ ತೋರಿಸ್ತಾರೆ, ಕಂಪನಿಯೋರು ಅಂಗಡಿ ಕಡೆ. ಯಾರ ಮೇಲೆ ಹಾಕ್ಲಿ?

ಇಬ್ಬರನ್ನೂ ಸೇರಿಸಿ. ಆದರೆ ಯಾರು ಏನು ಮಾಡಿದರು ಎಂಬುದು ಪ್ರತಿ ಪ್ಯಾರಾದಲ್ಲೂ ಬೇರೆಯಾಗಿರಲಿ. ಮಾರಿದ್ದು, ವರದಿ ಕೊಡದಿದ್ದದ್ದು 1ನೇಯವರು. ತಯಾರಿಸಿದ್ದು, ವಾರಂಟಿ ಕೊಟ್ಟದ್ದು 2ನೇಯವರು. "ಎದುರುದಾರರು" ಎಂದಷ್ಟೇ ಬರೆದರೆ ಇಬ್ಬರೂ ಅದು ತಾನಲ್ಲ ಎನ್ನಲು ಜಾಗ ಸಿಗುತ್ತದೆ.

ಅಂಗಡಿಯ ಬೋರ್ಡಿನ ಹೆಸರು ಸಾಲದು. ಬಿಲ್ಲಿನಲ್ಲಿರುವ ಜಿಎಸ್‌ಟಿ ಸಂಖ್ಯೆಯನ್ನು gst.gov.in ನಲ್ಲಿ ಹಾಕಿದರೆ ಕಾನೂನುಬದ್ಧ ಹೆಸರು ಬರುತ್ತದೆ, ಅದು ಒಬ್ಬ ಮಾಲೀಕರ ಹೆಸರೂ ಇರಬಹುದು. ಆದೇಶ ಆ ಹೆಸರಿನ ಮೇಲೆ ಬರಬೇಕು, ಇಲ್ಲವಾದರೆ ವಸೂಲಿಯ ಹೊತ್ತಿಗೆ ತೊಡಕು.

ವೋಲ್ಟೇಜ್‌ನಿಂದ ಸುಟ್ಟಿದೆ ಅಂತಾರೆ. ಅಲ್ಲ ಅಂತ ನಾನು ಹೆಂಗೆ ತೋರಿಸೋದು?

ವೈಂಡಿಂಗ್ ಸುಟ್ಟ ರೀತಿಯಲ್ಲೇ ಬಹಳ ಸುಳಿವಿದೆ, ರಿವೈಂಡಿಂಗ್ ಮಾಡುವವರಿಗೆ ಇದು ಗೊತ್ತು. ಮೂರು ಫೇಸ್‌ನ ಸುರುಳಿಗಳೂ ಒಂದೇ ಸಮ ಕಪ್ಪಾಗಿದ್ದರೆ ಹೆಚ್ಚಾಗಿ ಓವರ್‌ಲೋಡು ಅಥವಾ ವೋಲ್ಟೇಜ್ ಕಡಿಮೆಯಾದದ್ದು. ಒಂದು ಫೇಸ್ ಹೋಗಿ ಓಡಿದ್ದರೆ ಕೆಲವು ಸುರುಳಿ ಪೂರಾ ಸುಟ್ಟು ಉಳಿದವು ಹೊಸದರಂತೆ ಇರುತ್ತವೆ, ಆ ಸುಟ್ಟ ಗುಂಪುಗಳು ಸರಿಯಂತರದಲ್ಲಿ ಕಾಣುತ್ತವೆ. ಒಂದೇ ಜಾಗದಲ್ಲಿ ಚುಕ್ಕೆಯಂತೆ ಸುಟ್ಟು ಉಳಿದದ್ದೆಲ್ಲ ಚೆನ್ನಾಗಿದ್ದರೆ ಆ ಜಾಗದ ಇನ್ಸುಲೇಷನ್ ಸೋತಿದೆ ಎಂಬ ಅನುಮಾನ ಬರುತ್ತದೆ. ಇದೊಂದರಿಂದಲೇ ತೀರ್ಪು ಹೇಳಲಾಗದು, ಆದರೆ ಯಾವ ಪ್ರಶ್ನೆ ಕೇಳಬೇಕೆಂದು ತಿಳಿಯುತ್ತದೆ: ಬಿಚ್ಚಿದಾಗ ತೆಗೆದ ಫೋಟೋ ಎಲ್ಲಿ, ಬಿಚ್ಚಿದವರು ಯಾರು, ನನ್ನ ಮುಂದೆ ಏಕೆ ಬಿಚ್ಚಲಿಲ್ಲ?

ಪರೀಕ್ಷೆಯಿಲ್ಲದೆ ದೋಷ ತಿಳಿಯದು ಎಂದಾದರೆ ವಸ್ತುವನ್ನು ಮುದ್ರೆ ಹಾಕಿಸಿ ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಕಾಯ್ದೆಯ 38ನೇ ಕಲಮಿನಲ್ಲಿ ಆಯೋಗಕ್ಕಿದೆ. ಶುಲ್ಕವನ್ನು ಮೊದಲು ನಿಮ್ಮಿಂದಲೇ ಕಟ್ಟಿಸಿಕೊಳ್ಳಬಹುದು. ದೂರಿನ ಜೊತೆಗೇ ಇದಕ್ಕೊಂದು ಮಧ್ಯಂತರ ಅರ್ಜಿ ಕೊಡಿ, ಅಲ್ಲಿಯವರೆಗೆ ಮೋಟಾರನ್ನು ಇದ್ದ ಸ್ಥಿತಿಯಲ್ಲೇ ಇಡಲು ಆದೇಶ ಕೇಳಿ. ಮೋಟಾರು ನಿಮ್ಮ ಬಳಿಯೇ ಇದ್ದರೆ, ಎಷ್ಟೇ ಅವಸರವಿದ್ದರೂ, ರಿವೈಂಡ್ ಮಾಡಿಸಬೇಡಿ. ಹಳೆಯ ತಾಮ್ರದ ತಂತಿ ಗುಜರಿಗೆ ಹೋದ ದಿನ ನಿಮ್ಮ ಸಾಕ್ಷಿಯೂ ಹೋಗುತ್ತದೆ.

ಎರಡು ವರ್ಷದೊಳಗೆ ಹಾಕಬೇಕಂತೆ. ಯಾವತ್ತಿನಿಂದ ಎರಡು ವರ್ಷ?

ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ. ಕೊಂಡ ದಿನವೇ ಅದಾಗಬೇಕೆಂದಿಲ್ಲ. ಉದಾಹರಣೆಯಲ್ಲಿ 02-04-2025ರಂದು ಮೋಟಾರು ನಿಂತಿತು, 19-04-2025ರಂದು ವಾರಂಟಿ ನಿರಾಕರಿಸಿದರು. ದೂರಿನಲ್ಲಿ ಎರಡನ್ನೂ ಹೆಸರಿಸಿ ಒಂದು ಪ್ಯಾರಾ ಇರಬೇಕು, ಆದರೆ ದಿನ ಎಣಿಸುವಾಗ ಮೊದಲಿನದನ್ನೇ ಹಿಡಿಯಿರಿ. ನೋಟಿಸ್ ಕೊಟ್ಟ ದಿನದಿಂದ ಹೊಸದಾಗಿ ಎರಡು ವರ್ಷ ಶುರುವಾಗುತ್ತದೆ ಎಂದು ನಂಬಿ ತಡಮಾಡಬೇಡಿ. ಅವಧಿ ಮೀರಿದ್ದರೆ ವಿಳಂಬ ಮನ್ನಿಸಲು ಬೇರೆ ಅರ್ಜಿ ಹಾಕಿ, ಕಾರಣವನ್ನು ದಾಖಲೆ ಸಮೇತ ತೋರಿಸಬೇಕು.

ಹಾಕಿದ ಮೇಲೆ ತಪ್ಪು ಕಾಣ್ತು. ತಿದ್ದಬಹುದಾ?

ತಿದ್ದುಪಡಿಗೆ ಅರ್ಜಿ ಕೊಟ್ಟು ಆಯೋಗದ ಅನುಮತಿ ಪಡೆಯಬೇಕು. ಅಂಕಿಯ ಕೈತಪ್ಪು, ಬಿಟ್ಟುಹೋದ ದಾಖಲೆಗೆ ಅಷ್ಟು ತೊಂದರೆಯಿಲ್ಲ. ಆದರೆ ಎದುರಿನವರ ಉತ್ತರ ಬಂದ ಮೇಲೆ ಕಥೆಯನ್ನೇ ಬದಲಿಸುವಂಥ ತಿದ್ದುಪಡಿಗೆ ವಿರೋಧ ಬರುತ್ತದೆ. ಅವರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಅದರಾಚೆಗೆ ಆಯೋಗವೂ ವಿಸ್ತರಿಸಲಾರದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಆದ್ದರಿಂದ ಅವರಿಗೆ ಆಯೋಗದ ನೋಟಿಸ್ ತಲುಪಿದ ದಿನವನ್ನೂ ನಿಮ್ಮ ದಿನಾಂಕಗಳ ಪಟ್ಟಿಗೆ ಸೇರಿಸಿಕೊಳ್ಳಿ. 46ನೇ ದಿನ ಉತ್ತರ ತಂದರೆ, ಅದನ್ನು ದಾಖಲೆಗೆ ತೆಗೆದುಕೊಳ್ಳಬಾರದೆಂದು ಅಲ್ಲಿಯೇ ಎದ್ದುನಿಂತು ಆಕ್ಷೇಪಿಸಿ.